ನಾಲ್ಕನೆಯ ಹೆಸರು

ಚಳ್ಳಕೆರೆಯಿಂದ ಬಂದಿದ್ದ ಅಕ್ಕ-ತಮ್ಮ ಬಾಟಲಿಗೆ ಅಂಟಿಸುವ ಲೇಬಲ್ಲಿನ ನಮೂನೆಯನ್ನೂ ಹಿಡಿದುಕೊಂಡೇ, ಕಂಪನಿ ನೋಂದಣಿ ಮಾಡಿಸಿಕೊಡುವ ನಮ್ಮ ದಾವಣಗೆರೆಯ ಕಚೇರಿಯ ಮೆಟ್ಟಿಲು ಹತ್ತಿದ್ದರು. ಮರದ ಗಾಣದಲ್ಲಿ ಶೇಂಗಾ ಎಣ್ಣೆ ತೆಗೆದು ಮಾರುವ ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಬೇಕು. ಲೇಬಲ್ ಮೇಲೆ CHALLAKERE OILS ಎಂದು ದಪ್ಪಕ್ಷರದಲ್ಲಿತ್ತು. "ಇದೊಂದೇ ಹೆಸರು ಸಾಕು ಸರ್, ಊರು ಎಣ್ಣೆಗೇ ಹೆಸರಾಗಿದೆ" ಅಂದರು ತಮ್ಮ.

ಊರು ಎಣ್ಣೆಗೆ ಹೆಸರಾಗಿರುವುದೇ ತೊಡಕು. ಆ ಹೆಸರಿನಲ್ಲಿ ಒಂದು ಊರು ಇದೆ, ಒಂದು ಸರಕು ಇದೆ, ಮೂರನೆಯದು ಏನೂ ಇಲ್ಲ. 2014ರ ಕಂಪನಿ ಸ್ಥಾಪನಾ ನಿಯಮಗಳ 8ನೇ ನಿಯಮದ ಪ್ರಕಾರ ಎರಡು ಹೆಸರುಗಳನ್ನು ಹೋಲಿಸುವಾಗ ಊರಿನ ಹೆಸರು ಲೆಕ್ಕಕ್ಕೆ ಬರುವುದಿಲ್ಲ. ಊರನ್ನು ತೆಗೆದರೆ ಉಳಿಯುವುದು ಬರೀ ಎಣ್ಣೆ, ಅದು ಎಲ್ಲರ ಸೊತ್ತು. ಹೀಗಾಗಿ ಆ ಹೆಸರು ಪಟ್ಟಿ ಸೇರಲೇ ಇಲ್ಲ. ಸದ್ಯ, ಲೇಬಲ್ ನಮೂನೆ ಒಂದೇ ಪ್ರತಿ ಇತ್ತು. ಐದು ಸಾವಿರ ಅಚ್ಚು ಹಾಕಿಸಿಕೊಂಡು ಬರುವವರೂ ಇದ್ದಾರೆ.

ಎಷ್ಟು ಹೆಸರು ಬೇಕು ಎಂಬುದನ್ನು ಅರ್ಜಿಯೇ ಹೇಳುತ್ತದೆ. ಕಂಪನಿ ನೋಂದಣಿಯ SPICe+ ಅರ್ಜಿಯ ಮೊದಲ ಭಾಗ, ಅಂದರೆ Part A, ಹೆಸರು ಕಾಯ್ದಿರಿಸುವುದಕ್ಕೆ. ಶುಲ್ಕ 1000 ರೂಪಾಯಿ. ಅದರಲ್ಲಿ ಎರಡು ಹೆಸರು ಕೊಡಬಹುದು. ಎರಡೂ ಒಪ್ಪಿಗೆಯಾಗದಿದ್ದರೆ ತಿದ್ದಿ ಕಳಿಸಲು ಒಂದು ಅವಕಾಶ ಸಿಗುತ್ತದೆ, ಅದಕ್ಕೆ 15 ದಿನ ಗಡುವು, ಆಗ ಮತ್ತೆರಡು ಹೆಸರು. ಅಲ್ಲಿಗೆ ಒಂದು ಸಾವಿರಕ್ಕೆ ನಾಲ್ಕು ಹೆಸರು. ಅದೂ ಹೋದರೆ ಹೊಸ ಅರ್ಜಿ, ಹೊಸ ಸಾವಿರ. Part A ಮತ್ತು ಕಂಪನಿ ಸ್ಥಾಪನೆಯ Part B ಎರಡನ್ನೂ ಒಟ್ಟಿಗೇ ಸಲ್ಲಿಸುವ ದಾರಿಯೂ ಇದೆ, ಆದರೆ ಅಲ್ಲಿ ಒಂದೇ ಹೆಸರಿಗೆ ಜಾಗ. ಹೆಸರಿನ ಬಗ್ಗೆ ಅಳುಕಿದ್ದರೆ ಆ ದಾರಿ ಬೇಡ.

ಜನ ಎಡವುವುದು ಎಣಿಕೆಯಲ್ಲಲ್ಲ, ಆಯ್ಕೆಯಲ್ಲಿ. ಎರಡು ಹೆಸರು ಕೊಡಿ ಅಂದರೆ ಒಂದನ್ನೇ ಎರಡು ಸಲ ಬರೆದು ಕೊಡುತ್ತಾರೆ. ಅಕ್ಕ-ತಮ್ಮನೂ ಚಹಾ ಬರುವಷ್ಟರಲ್ಲಿ ಬರೆದ ಪಟ್ಟಿ ಹೀಗಿತ್ತು: GAANAMANE OILS, GANAMANE OIL, THE GAANA MANE, MANE GAANA OILS. ನೋಡಲು ನಾಲ್ಕು. ನಿಯಮದ ಕಣ್ಣಿಗೆ ಒಂದೇ. ಏಕವಚನ-ಬಹುವಚನ, ಪದಗಳ ನಡುವಿನ ಜಾಗ, ಮುಂದಿನ The, ಪದಗಳ ಹಿಂದುಮುಂದು, ಕಾಗುಣಿತದ ಸಣ್ಣ ವ್ಯತ್ಯಾಸ, ಬೇಕೆಂದೇ ಬದಲಿಸಿದ ಅಕ್ಷರ ಯಾವುದೂ ಬೇರೆ ಹೆಸರು ಅನ್ನಿಸಿಕೊಳ್ಳುವುದಿಲ್ಲ. ಮೊದಲನೆಯದು ಬಿದ್ದ ಕಾರಣಕ್ಕೇ ಉಳಿದ ಮೂರೂ ಬೀಳುತ್ತವೆ. ಬದಲಿ ಹೆಸರು ಅಂದರೆ ಬೇರೆ ಕಾರಣಕ್ಕೆ ಮಾತ್ರ ಬೀಳಬಹುದಾದ ಹೆಸರು.

ಕನ್ನಡ ಹೆಸರಿಗೆ ಇನ್ನೊಂದು ಪಜೀತಿ ಇದೆ. ನಮಗೆ ಗಾಣ ಬೇರೆ, ಗಾನ ಬೇರೆ. ಅರ್ಜಿಯಲ್ಲಿ ಎರಡೂ GAANA. ದೇಶದ ಎಲ್ಲ ಹೊಸ ಕಂಪನಿಗಳ ಹೆಸರನ್ನೂ ಪರಿಶೀಲಿಸುವುದು ಕೇಂದ್ರ ನೋಂದಣಿ ಕೇಂದ್ರದಲ್ಲಿ. ಅರ್ಜಿ ನೋಡುವವರಿಗೆ ಕನ್ನಡ ಗೊತ್ತಿರಲೇಬೇಕೆಂದಿಲ್ಲ, ಗೊತ್ತಿದ್ದರೂ ಅವರ ಮುಂದಿರುವುದು ಇಂಗ್ಲಿಷ್ ಅಕ್ಷರ. ಎಣ್ಣೆ ತೆಗೆಯುವ ಗಾಣಕ್ಕೆ ಹಾಡಿನ ಗಾನ ಅಡ್ಡ ಬರುತ್ತದೆ. ಆದ್ದರಿಂದ ಹುಡುಕುವಾಗ ನಮಗಿಷ್ಟವಾದ ಒಂದು ಕಾಗುಣಿತವಲ್ಲ, ಆ ಶಬ್ದವನ್ನು ಯಾರ್ಯಾರು ಹೇಗೆ ಬರೆದಾರು ಎಂದು ಊಹಿಸಿ ಎಲ್ಲವನ್ನೂ ಹಾಕಬೇಕು:

```
GAANA  GANA  GHANA  GAANAA
SHENGA  SENGA  SHENGHA  SHENGAA
```

ಹುಡುಕುವ ಜಾಗ ಎರಡು. ಮೊದಲನೆಯದು ಕಂಪನಿ ವ್ಯವಹಾರಗಳ ಸಚಿವಾಲಯದ, ಅಂದರೆ ಎಂಸಿಎ ಜಾಲತಾಣದ ಹೆಸರು ಪರೀಕ್ಷೆ. ಅಲ್ಲಿ ಕಂಪನಿಗಳನ್ನಷ್ಟೇ ಅಲ್ಲ, ಸೀಮಿತ ಹೊಣೆಯ ಪಾಲುದಾರಿಕೆಗಳಾದ ಎಲ್‌ಎಲ್‌ಪಿಗಳನ್ನೂ ನೋಡಬೇಕು. ಎರಡನೆಯದು ಟ್ರೇಡ್‌ಮಾರ್ಕ್ ಹುಡುಕಾಟ, ಬಹಳ ಜನ ಬಿಟ್ಟುಬಿಡುವುದು ಇದನ್ನೇ. ಖಾದ್ಯ ತೈಲ 29ನೇ ವರ್ಗಕ್ಕೆ ಸೇರುತ್ತದೆ. ಅಲ್ಲಿ Wordmark ಆರಿಸಿ Contains ಎಂದು ಒಮ್ಮೆ, Wordmark ಬದಲು ಪದದ ಉಚ್ಚಾರಣೆ ಹಿಡಿಯುವ Phonetic ಆರಿಸಿ ಇನ್ನೊಮ್ಮೆ ಹುಡುಕಬೇಕು. ನೋಂದಣಿ ಇನ್ನೂ ಆಗದೆ ಬರೀ ಅರ್ಜಿ ಹಾಕಿರುವ ಗುರುತೂ ಅಡ್ಡ ಬರುತ್ತದೆ. ಹಾಗಾಗಿ ನೋಂದಾಯಿತವಾದದ್ದನ್ನು ಮಾತ್ರ ನೋಡಿ ಸಮಾಧಾನಪಟ್ಟರೆ ಅರ್ಧ ಕೆಲಸ. ಒಂದು ಹೆಸರಿಗೆ ಮುಕ್ಕಾಲು ಗಂಟೆ ಹಿಡಿಯಿತು.

ಮಧ್ಯಾಹ್ನದ ಹೊತ್ತಿಗೆ ಪಟ್ಟಿ ಬೇರೆ ರೂಪಕ್ಕೆ ಬಂದಿತ್ತು. ಒಂದನೆಯದು ಅವರ ಮನಸ್ಸಿನದೇ, GAANAMANE. ಎರಡನೆಯದು ಬೆಳೆಯ ಕಡೆಯಿಂದ, SHENGASIRI. ಮೂರನೆಯದು ಅವರ ಹೊಲಕ್ಕೆ ಮನೆಯವರು ಕರೆಯುವ ಹೆಸರು. ನಾಲ್ಕನೆಯದು ಇಬ್ಬರ ಹೆಸರಿನ ಮೊದಲಕ್ಷರಗಳಿಗೆ ತಾತನ ಊರಿನ ಕೊನೆಯ ಎರಡಕ್ಷರ ಸೇರಿಸಿ ಕಟ್ಟಿದ, ಯಾವ ನಿಘಂಟಿನಲ್ಲೂ ಸಿಗದ ಪದ. ನಾಲ್ಕಕ್ಕೂ ಬೇರು ಬೇರೆ ಬೇರೆ. ನದಿಯ ಹೆಸರು ವೇದಾವತಿಯನ್ನೂ ಮನೆದೇವರನ್ನೂ ಅಕ್ಕ ಸೂಚಿಸಿದರು. ನದಿ, ದೇವರು, ಸಿರಿ, ಗೋಲ್ಡ್ ಇಂಥವನ್ನು ಯಾರಾದರೂ ಹಿಡಿದೇ ಇರುತ್ತಾರೆ, ಆದ್ದರಿಂದ ಬಿಟ್ಟೆವು. (ಹಾಗೆ ನೋಡಿದರೆ SHENGASIRIಯನ್ನೂ ಬಿಡಬೇಕಿತ್ತು.) ಎಲ್ಲದರ ಕೊನೆಗೂ OILS ತೆಗೆದು FOODS ಹಾಕಿದೆವು, ಏಕೆಂದರೆ ಮುಂದಿನ ವರ್ಷ ಶೇಂಗಾ ಚಟ್ನಿಪುಡಿಯೂ ಮಾಡುವ ಯೋಚನೆ ಅವರಿಗಿತ್ತು. ಉದ್ಯಮದ ಸಂಕೇತ ಎರಡಕ್ಕೂ ಒಂದೇ, ಆಹಾರ ತಯಾರಿಕೆಯ 10.

ಕ್ರಮಕ್ಕೂ ಒಂದು ಲೆಕ್ಕವಿದೆ. ಮೊದಲ ಹೆಸರು ಒಪ್ಪಿಗೆಯಾದರೆ ಎರಡನೆಯದನ್ನು ಯಾರೂ ನಮಗಾಗಿ ಎತ್ತಿಡುವುದಿಲ್ಲ. ಹಾಗಾಗಿ ಇಷ್ಟವಾದದ್ದು ಮೇಲೆ. ಆದರೆ ಕೊನೆಯದು ಇಷ್ಟಕ್ಕಿಂತ ಗಟ್ಟಿಯಾಗಿರಬೇಕು, ಅದು ಬಿದ್ದರೆ ಹಿಂದೆ ಏನೂ ಇಲ್ಲ. ಅದರ ಜೊತೆಗೆ ಆ ಹೆಸರಿನ ಬೋರ್ಡಿನ ಕೆಳಗೆ ಇಪ್ಪತ್ತು ವರ್ಷ ಕೂರಲು ಮನಸ್ಸು ಒಪ್ಪಬೇಕು. ಅಕ್ಕ ನಾಲ್ಕನೆಯ ಹೆಸರನ್ನು ಜೋರಾಗಿ ಎರಡು ಸಲ ಹೇಳಿ ನೋಡಿದರು. "ಔಷಧಿ ಕಂಪನಿ ಇದ್ದಂಗೈತೆ" ಅಂದ ತಮ್ಮ. ಇರಲಿ ಅಂದರು ಅಕ್ಕ.

ಕೆಲವೇ ದಿನಗಳಲ್ಲಿ ಉತ್ತರ ಬಂತು, ತಿದ್ದಿ ಕಳಿಸಿ ಎಂದು. ಒಂದನೆಯದಕ್ಕೆ ಉಚ್ಚಾರಣೆಯಲ್ಲಿ ಹತ್ತಿರವಿರುವ ಕಂಪನಿ ಇದೆ. ಎರಡನೆಯದಕ್ಕೆ 29ನೇ ವರ್ಗದಲ್ಲಿ ಅರ್ಜಿ ಹಾಕಿರುವ ಗುರುತೊಂದು ಅಡ್ಡ ಇದೆ, ನಾವು ಹುಡುಕಿದಾಗ ಹಾಕದೇ ಬಿಟ್ಟ ಕಾಗುಣಿತದಲ್ಲಿ. ತಪ್ಪು ನಮ್ಮದೇ. ಇಂಥ ಉತ್ತರ ಬಂದಾಗ ವಾದಕ್ಕಿಳಿದು ಅದೇ ಹೆಸರನ್ನು ತುಸು ತಿದ್ದಿ ಮತ್ತೆ ಕಳಿಸುವವರು ಉಳಿದ ಒಂದೇ ಅವಕಾಶವನ್ನೂ ಸುಟ್ಟುಕೊಳ್ಳುತ್ತಾರೆ. ಪಟ್ಟಿ ಮೊದಲೇ ಸಿದ್ಧವಿದ್ದುದರಿಂದ ಮೂರು ಮತ್ತು ನಾಲ್ಕನ್ನು, ಆ ದಿನದ ಹುಡುಕಾಟವನ್ನು ಮತ್ತೊಮ್ಮೆ ಮಾಡಿ, ಅಂದು ಸಂಜೆಯೇ ಕಳಿಸಿದೆವು. ಒಪ್ಪಿಗೆಯಾದದ್ದು ನಾಲ್ಕನೆಯದು. ಅದರಲ್ಲಿ ಇಬ್ಬರ ಹೆಸರಿನ ಅಕ್ಷರಗಳಿರುವುದರಿಂದ ಇಲ್ಲಿ ಬರೆಯುವಂತಿಲ್ಲ.

ಅಲ್ಲಿಂದ ಇನ್ನೊಂದು ಗಡಿಯಾರ ಶುರು. ಹೆಸರು ನಮ್ಮದಾಗಿರುವುದು 20 ದಿನ, ಅಷ್ಟರೊಳಗೆ Part B ಸಲ್ಲಿಸಬೇಕು. ಗಡುವು ಮುಗಿಯುವ ಮೊದಲೇ 1000 ರೂಪಾಯಿ ಕಟ್ಟಿದರೆ 40 ದಿನದವರೆಗೆ, ಆ 40 ಮುಗಿಯುವ ಮೊದಲು ಮತ್ತೆ 2000 ಕಟ್ಟಿದರೆ 60 ದಿನದವರೆಗೆ ಎಳೆಯಬಹುದು. ಮುಗಿದ ಮೇಲೆ ಕಟ್ಟುತ್ತೇನೆಂದರೆ ಆಗದು. ಇಬ್ಬರ ಡಿಜಿಟಲ್ ಸಹಿ ಸಿದ್ಧವಿತ್ತು. ಗಾಣದ ಶೆಡ್ಡಿನ ಕರೆಂಟ್ ಬಿಲ್ ಮಾತ್ರ ನಾಲ್ಕು ತಿಂಗಳ ಹಳೆಯದು. ಕಚೇರಿ ವಿಳಾಸದ ದಾಖಲೆಗೆ ಎರಡು ತಿಂಗಳಿಗಿಂತ ಹಳೆಯದು ನಡೆಯುವುದಿಲ್ಲ. ಬಿಲ್ಲು ತಂದೆಯ ಹೆಸರಲ್ಲಿದ್ದುದರಿಂದ ಅವರ ಒಪ್ಪಿಗೆ ಪತ್ರವೂ ಬೇಕಿತ್ತು. ತಮ್ಮ ಅಂದೇ ಚಳ್ಳಕೆರೆ ಬಸ್ಸು ಹತ್ತಿದ.