ಅಜ್ಜಿಗೆ ತುಳು, ಟೀಚರಿಗೆ ಇಂಗ್ಲಿಷ್

“ನಿಮ್ಮ ಮಗಳು ಅಜ್ಜಿಯನ್ನು ತುಳುವಿನಲ್ಲಿ, ಗೆಳತಿಯರನ್ನು ಕನ್ನಡದಲ್ಲಿ, ಟೀಚರನ್ನು ಇಂಗ್ಲಿಷಿನಲ್ಲಿ ಮಾತನಾಡಿಸುತ್ತಾಳಲ್ಲ, ಇದನ್ನೆಲ್ಲ ಯಾರು ಹೇಳಿಕೊಟ್ಟರು?”

ಯಾರೂ ಹೇಳಿಕೊಡಲಿಲ್ಲ. ಮಗು ಭಾಷೆಯನ್ನು ಮುಖದ ಜೊತೆಗೇ ಕಲಿಯುತ್ತದೆ. ಪುತ್ತೂರಿನ ಜಾತ್ರೆಯಲ್ಲಿ ಒಂದು ಸಂಜೆ ಅವಳ ಟೀಚರ್ ಎದುರಾದರು. ಅವರ ಮನೆಮಾತೂ ತುಳುವೇ. ಪ್ರೀತಿಯಿಂದ “ಎಂಚ ಉಲ್ಲ?”, ಅಂದರೆ ‘ಹೇಗಿದ್ದೀಯ?’ ಎಂದು ಕೇಳಿದರು. ಆರು ವರ್ಷದ ನನ್ನ ಮಗಳು ನೆಟ್ಟಗೆ ನಿಂತು “ಗುಡ್ ಮಾರ್ನಿಂಗ್ ಮಿಸ್” ಎಂದಳು. ಹೊತ್ತು ಮುಳುಗಿತ್ತು, ತರಗತಿ ಇರಲಿಲ್ಲ, ಟೀಚರ್ ಆಡಿದ್ದು ತುಳು. ಆದರೂ ಆ ಮುಖಕ್ಕೆ ಅವಳಲ್ಲಿದ್ದದ್ದು ಆ ಒಂದೇ ಮಾತು.

ಗೆಳತಿಯರ ವಿಷಯ ಬೇರೆ. ನಮ್ಮ ಅಂಗಳದಲ್ಲಿ ಆಡುವ ಮಕ್ಕಳಲ್ಲಿ ಒಬ್ಬಳ ಮನೆಯಲ್ಲಿ ಕೊಂಕಣಿ, ಇನ್ನೊಬ್ಬಳ ಮನೆಯಲ್ಲಿ ಬ್ಯಾರಿ. ಎಲ್ಲರಿಗೂ ತಿಳಿಯುವುದು ಕನ್ನಡ, ಹಾಗಾಗಿ “ಏ, ಆಡಲು ಬಾ” ಎಂಬ ಕರೆ ಕನ್ನಡದಲ್ಲೇ.

ಕೆನಡಾದ ಮಾಂಟ್ರಿಯಲ್‌ನಲ್ಲಿ ಮನಶ್ಶಾಸ್ತ್ರಜ್ಞ ಫ್ರೆಡ್ ಜೆನೆಸಿ ಮತ್ತು ಸಂಗಡಿಗರು ಫ್ರೆಂಚ್ ಮತ್ತು ಇಂಗ್ಲಿಷ್ ಎರಡನ್ನೂ ಕೇಳಿ ಬೆಳೆಯುತ್ತಿದ್ದ ಪುಟ್ಟ ಮಕ್ಕಳನ್ನು ಗಮನಿಸಿ 1996ರಲ್ಲಿ ಬರೆದದ್ದೂ ಇದಕ್ಕೆ ಹತ್ತಿರದ ಮಾತು: ಎರಡು ವರ್ಷದ ಆಸುಪಾಸಿನ ಮಕ್ಕಳೂ, ಒಂದೇ ಭಾಷೆ ಬಲ್ಲ ಅಪರಿಚಿತರ ಮುಂದೆ ತಮ್ಮ ಮಾತನ್ನು ಆ ಭಾಷೆಯತ್ತ ಹೊಂದಿಸಿಕೊಳ್ಳಲು ನೋಡುತ್ತವೆ.

ಎಡವುವವರು ಹೆಚ್ಚಾಗಿ ದೊಡ್ಡವರು. ಶಾಲೆ ಸೇರಿದ ವರ್ಷ ನನ್ನ ಮಗಳು ಅಜ್ಜಿಯ ಮನೆ ಹೊಕ್ಕವಳೇ “ಅಜ್ಜಿ, ನೀವು ಹೇಗಿದ್ದೀರಿ?” ಎಂದಳು. ನನ್ನ ಎದೆ ಧಸಕ್ಕೆಂದಿತು. ನಮ್ಮ ಮನೆಯ ತುಳುವಿನಲ್ಲಿ ಅಜ್ಜಿಗೆ ಅವಳು ಹೇಳುವುದು ‘ಈ’, ಅಂದರೆ ‘ನೀನು’. ಶಾಲೆಯ ಕನ್ನಡ ಅಜ್ಜಿಯನ್ನು ‘ನೀವು’ ಮಾಡಿ ಒಂದು ಮಾರು ದೂರ ಕೂರಿಸಿತ್ತು. ಅಜ್ಜಿಗೆ ಕನ್ನಡ ಚೆನ್ನಾಗಿ ಬರುತ್ತದೆ, ಮೊದಲ ದಿನ ಕನ್ನಡದಲ್ಲೇ ಉತ್ತರಿಸಿದರು. ಮರುದಿನವೂ ಮಗು ಕನ್ನಡದಲ್ಲೇ ಶುರು ಮಾಡಿತು. ಉತ್ತರ ಬಂದ ಭಾಷೆ ಅದಕ್ಕೆ ಒಪ್ಪಿಗೆಯಂತೆ ಕೇಳಿಸಿರಬೇಕು.

ಆಮೇಲೆ ಅಜ್ಜಿ ಬೈಯಲಿಲ್ಲ, “ತುಳುವಿನಲ್ಲಿ ಹೇಳು” ಎಂದು ಬಂದವರೆದುರು ನಿಲ್ಲಿಸಲೂ ಇಲ್ಲ. ಹಾಗೆ ನಿಲ್ಲಿಸಿದಾಗಲೆಲ್ಲ ಮಗು ಬಾಯಿ ಮುಚ್ಚಿ ನನ್ನ ಸೆರಗು ಹಿಡಿಯುವುದನ್ನು ನಾನು ಕಂಡಿದ್ದೇನೆ. ಅಜ್ಜಿ ಮಾಡಿದ್ದು ಇಷ್ಟೆ: ಮಗು ಏನೇ ಕೇಳಲಿ, ಅದರ ಅರ್ಥ ಹಿಡಿದು ತುಳುವಿನಲ್ಲೇ ಮಾತು ಮುಂದುವರಿಸಿದರು. “ಊಟ ಆಯಿತಾ?” ಎಂದರೆ “ಆಂಡ್, ನಿನ್ನ ಒಣಸ್ ಆಂಡಾ?” ಎಂದು ತಿರುಗಿ ಕೇಳಿದರು. ಬೇಸಿಗೆ ರಜೆ ಪೂರ್ತಿ ಇದೇ ನಡೆಯಿತು. ರಜೆ ಮುಗಿಸಿ ಮನೆಗೆ ಬಂದ ರಾತ್ರಿ ಮಗಳು ಫೋನು ಕಿತ್ತುಕೊಂಡು, ನಾನು ಹಲೋ ಎನ್ನುವ ಮೊದಲೇ, “ಅಜ್ಜೀ, ಒಣಸ್ ಆಂಡಾ?” ಎಂದಳು.