ಕೆನೆ ಕಟ್ಟಿದ ಚಹಾ

ಇವತ್ತು ಮಾಟುಂಗಾದ ರೂಮಿನಲ್ಲಿ ಇಡೀ ಮಧ್ಯಾಹ್ನ ಒಂದೇ ಸಾಲಿನ ಜೊತೆ ಗುದ್ದಾಡಿದೆ. "ಅಮ್ಮ ಮಗನಿಗಾಗಿ ಕಾದು ಕಾದು ಸೋತಿದ್ದಾಳೆ."

ಸ್ಕ್ರಿಪ್ಟಿನ ಸಾಲನ್ನು ಹಾಗೇ ವಿಡಿಯೋ ಎಐಗೆ ಕೊಟ್ಟೆ. ಗಳಗಳ ಅಳುವ ಹೆಂಗಸು ಬಂದಳು. "ಕಣ್ಣೀರು ಬೇಡ" ಅಂತ ಸೇರಿಸಿದೆ. ಮತ್ತೆ ಕಣ್ಣೀರು! ಬೇಡ ಅಂದರೂ ಆ ಪದ ಪ್ರಾಂಪ್ಟಿನಲ್ಲಿ ಇದೆಯಲ್ಲ, ಎಷ್ಟೋ ಸಲ ಅದನ್ನೇ ಹಿಡಿದುಕೊಳ್ಳುತ್ತದೆ.

ಆಮೇಲೆ ಹೊಳೆಯಿತು. ಕಾಯುವುದು ಕ್ಯಾಮೆರಾಗೆ ಕಾಣಲ್ಲ. ಕಾದದ್ದರ ಗುರುತು ಕಾಣುತ್ತದೆ. ನಮ್ಮಮ್ಮ ನನಗಾಗಿ ಮಾಡಿಟ್ಟ ಚಹಾ ಆರಿ, ಮೇಲೆ ಕೆನೆ ಕಟ್ಟುತ್ತಿತ್ತು.

ಹೊಸದಾಗಿ ಬರೆದೆ: ಸ್ಟೀಲ್ ಲೋಟದ ಕ್ಲೋಸಪ್, ಚಹಾದ ಮೇಲೆ ಸುಕ್ಕುಗಟ್ಟಿದ ಕೆನೆ. ಎಡಗಡೆ ಕಿಟಕಿಯಿಂದ ಸಂಜೆ ಬೆಳಕು. ಕ್ಯಾಮೆರಾ ಅಲುಗಾಡದೆ ನಿಂತಿದೆ. ವಯಸ್ಸಾದ ಹೆಂಗಸಿನ ಕೈ ಬಂದು ಲೋಟವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುತ್ತದೆ. ಐದು ಸೆಕೆಂಡು.

ಮೊದಲು ಇದರಲ್ಲೇ "ಬಾಗಿಲ ಕಡೆ ನೋಡುತ್ತಾಳೆ" ಅಂತಲೂ ಇತ್ತು. ಕ್ಲೋಸಪ್ ಕೆಟ್ಟಿತು. ಮುಖ ತೋರಿಸಲು ಕ್ಯಾಮೆರಾ ಹಿಂದೆ ಹೋಯಿತು, ಕೆನೆ ಕಾಣದಂತಾಯಿತು, ಲೋಟ ಬೆರಳಿಗೇ ಅಂಟಿಕೊಂಡಿತು. ಐದು ಸೆಕೆಂಡಿಗೆ ಒಂದೇ ಕೆಲಸ ಸಾಕು ಅಂತ ಬಾಗಿಲಿನ ಸಾಲನ್ನು ತೆಗೆದುಹಾಕಿದೆ. ಅದು ಮುಂದಿನ ಶಾಟ್.

ಈಗ ಬಂದದ್ದನ್ನು ಸುಮ್ನೆ ನಾಲ್ಕು ಸಲ ನೋಡಿದೆ. ಬೆರಳು ತಾಗಿದಾಗ ಕೆನೆ ಒಂಚೂರು ನಡುಗುತ್ತದೆ. ಅಮ್ಮನಿಗೆ ಫೋನ್ ಮಾಡಬೇಕು.