ಸುಮ್ನೆ ಒಂದು ಸೈನ್

"ಸಿಸ್ಟರ್, ಫಾರಿನ್ ಆಸ್ಪತ್ರೆಗೆ ಅಪ್ಲೈ ಮಾಡ್ತಿದ್ದೀನಿ. ರೆಫರೆನ್ಸ್ ಲೆಟರ್ ನಾನೇ ಟೈಪ್ ಮಾಡಿಸ್ಕೊಂಡು ಬಂದಿದ್ದೀನಿ. ಸುಮ್ನೆ ಒಂದು ಸೈನ್ ಹಾಕ್ತೀರಾ?"

ಇಲ್ಲ.

ಆ 'ಸುಮ್ನೆ' ಅನ್ನೋ ಪದ ಕೇಳಿದರೆ ನನಗೆ ರೇಗುತ್ತದೆ. ಡ್ರಗ್ ಚಾರ್ಟ್ ನೋಡದೆ ಸುಮ್ನೆ ಸೈನ್ ಹಾಕಿದರೆ ನಾನೇ ನಿಮ್ಮನ್ನು ಬೈಯುತ್ತೇನೆ, ಅಲ್ವಾ?

ಒಮ್ಮೆ ಹಾಕಿದ್ದೆ, ಸುಳ್ಳು ಹೇಳಲ್ಲ. ಶಿಫ್ಟ್ ಮುಗಿಯುವ ಹೊತ್ತು, ಹ್ಯಾಂಡೋವರ್ ಬಾಕಿ ಇತ್ತು, ಹುಡುಗಿ ಪೇಪರ್ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಓದದೆ ಹಾಕಿದೆ. ಕೆಲವು ವಾರ ಕಳೆದ ಮೇಲೆ ಆ ಆಸ್ಪತ್ರೆಯಿಂದ ಫೋನ್ ಬಂತು. ಪತ್ರದ ಮೊದಲ ಸಾಲಿನಲ್ಲಿ ಹೆಣ್ಣಾಗಿದ್ದವಳು ಮೂರನೇ ಸಾಲಿಗೆ ಬರುವಷ್ಟರಲ್ಲಿ ಗಂಡಾಗಿದ್ದಾಳಂತೆ! ಯಾರದೋ ಹಳೇ ಪತ್ರದಲ್ಲಿ ಹೆಸರು ಮಾತ್ರ ಬದಲಾಯಿಸಿದ್ದರು. ನಗು ಬರಬೇಕು, ಆದರೆ ಮುಂದಿನ ಪ್ರಶ್ನೆಗೆ ಬೆವರು ಬಂತು. "ವೆಂಟಿಲೇಟರ್ ರೋಗಿಗಳನ್ನು ಒಬ್ಬಳೇ ನೋಡಿಕೊಳ್ಳುತ್ತಾಳೆ ಎಂದು ಬರೆದಿದ್ದೀರಿ. ಒಂದು ಶಿಫ್ಟ್‌ನಲ್ಲಿ ಎಷ್ಟು ಜನರನ್ನು?" ನಮ್ಮದು ಜನರಲ್ ಮೆಡಿಕಲ್ ವಾರ್ಡ್. ವೆಂಟಿಲೇಟರೇ ಇರಲಿಲ್ಲ.

ಜಾಸ್ತಿ ಜನ ಎರಡು ಕಾಗದಗಳನ್ನು ಒಂದೇ ಅಂದುಕೊಳ್ಳುತ್ತಾರೆ. ಯಾವಾಗ ಸೇರಿದ್ದು, ಯಾವಾಗ ಬಿಟ್ಟಿದ್ದು, ಯಾವ ಹುದ್ದೆ, ಇದೆಲ್ಲ ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟ್. ಅದನ್ನು ಎಚ್‌ಆರ್ ಕೊಡುತ್ತದೆ. ನನ್ನ ಪತ್ರ ಬೇರೆ. ಈ ನರ್ಸ್ ಕೈಗೆ ರೋಗಿಯನ್ನು ಒಪ್ಪಿಸಬಹುದಾ ಅನ್ನುವುದನ್ನು ಕಣ್ಣಾರೆ ನೋಡಿದವರು ಹೇಳುವುದು ಅದು. ದಿನಾಂಕ ಅದರಲ್ಲೂ ಬರುತ್ತದೆ, ಮತ್ತೆ ಸರ್ಟಿಫಿಕೇಟ್ ಜೊತೆ ತಾಳೆಯಾಗಬೇಕು. ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಇರಬೇಕು. ನನ್ನ ಆಸ್ಪತ್ರೆಯ ಇಮೇಲ್ ಕೊಡಬೇಕು. ಸ್ವಂತ ಜಿಮೇಲ್ ಕೊಟ್ಟರೆ ಅನುಮಾನ ಪಡುತ್ತಾರೆ, ಪಡಲೇಬೇಕು.

ಆದರೆ "ಶ್ರಮಜೀವಿ, ಪ್ರಾಮಾಣಿಕ, ಸಮಯಪಾಲಕಿ" ಅಂತ ಬರೆಸಿಕೊಂಡು ಬರುತ್ತೀರಲ್ಲ, ಅದರಿಂದ ಆ ಕಡೆಯವರಿಗೆ ಏನು ಗೊತ್ತಾಗುತ್ತದೆ? ಗೋಡೆ ಗಡಿಯಾರಕ್ಕೂ ಅದೇ ಪತ್ರ ಕೊಡಬಹುದು.

ನಾನು ಮನಸ್ಸಿಟ್ಟು ಬರೆದ ಪತ್ರ ಒಂದಿದೆ. ಎರಡು ವರ್ಷದ ಅನುಭವದ ಹುಡುಗಿ, ನೈಟ್ ಡ್ಯೂಟಿ. ರೋಗಿಯ ಪೊಟ್ಯಾಸಿಯಂ ಕಡಿಮೆಯಾಗಿತ್ತು. ಡ್ಯೂಟಿ ಡಾಕ್ಟರ್ ಬರೆದ ಆರ್ಡರ್: ಪೊಟ್ಯಾಸಿಯಂ ಕ್ಲೋರೈಡ್ 40 ಮಿಲಿಈಕ್ವಿವಲೆಂಟ್, 100 ಮಿ.ಲೀ. ಸಲೈನ್‌ನಲ್ಲಿ, 1 ಗಂಟೆಯಲ್ಲಿ. ರೋಗಿಗೆ ಇದ್ದದ್ದು ಕೈಗೆ ಹಾಕಿದ ಮಾಮೂಲಿ ಕ್ಯಾನುಲಾ. ಅದರಲ್ಲಿ ಸಾಮಾನ್ಯವಾಗಿ ಗಂಟೆಗೆ 10ಕ್ಕಿಂತ ಹೆಚ್ಚು ಕೊಡುವುದಿಲ್ಲ. ಅಷ್ಟು ಗಟ್ಟಿ ದ್ರಾವಣ ರಕ್ತನಾಳವನ್ನು ಸುಡುತ್ತದೆ. ಅಷ್ಟು ವೇಗವಾಗಿ ಹೋದರೆ ಹೃದಯದ ಬಡಿತವೇ ತಪ್ಪಿ ನಿಂತುಹೋಗಬಹುದು.

ಅವಳು ಬಾಟಲ್ ತಯಾರು ಮಾಡಲೇ ಇಲ್ಲ. ಫೋನ್ ಮಾಡಿ ಆರ್ಡರನ್ನು ಹಾಗೇ ಓದಿದಳು. "ಬರೆದದ್ದನ್ನು ಕೊಡಮ್ಮಾ" ಅಂತ ಆ ಕಡೆಯಿಂದ ಗದರಿಕೆ. ಅವಳು ದನಿ ಏರಿಸಲಿಲ್ಲ. "ಸರ್, ಸೆಂಟ್ರಲ್ ಲೈನ್ ಇಲ್ಲ, ಮಾನಿಟರೂ ಹಾಕಿಲ್ಲ. ಈ ರೇಟ್‌ನಲ್ಲಿ ನಾನು ಕೊಡಲ್ಲ. ನೀವು ಬಂದು ನೋಡಿ" ಅಂದಳು. ಆಮೇಲೆ ನನಗೆ ಫೋನ್ ಮಾಡಿದಳು. ಡಾಕ್ಟರ್ ಬಂದರು, ಚಾರ್ಟ್ ನೋಡಿದರು, ಏನೂ ಮಾತಾಡದೆ ತಿದ್ದಿದರು: ಅದೇ 40, 1 ಲೀಟರ್‌ನಲ್ಲಿ, 4 ಗಂಟೆ, ಪಂಪ್‌ನಲ್ಲಿ, ಮಾನಿಟರ್ ಹಾಕಿ.

ಪತ್ರದಲ್ಲಿ ಇದನ್ನೇ ಬರೆದೆ. ರೋಗಿಯ ಹೆಸರಿಲ್ಲ, ಬೆಡ್ ನಂಬರಿಲ್ಲ, ತಾರೀಕೂ ಇಲ್ಲ. ಡಾಕ್ಟರ್ ಗದರಿದ್ದೂ ಇಲ್ಲ. ಅದು ಅವಳ ಪತ್ರ, ಅವರ ಮೇಲಿನ ದೂರಲ್ಲ. ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ವೆಂಟಿಲೇಟರ್ ಅನುಭವ ಇಲ್ಲ, ಐಸಿಯುಗೆ ಹಾಕುವುದಾದರೆ ಮೊದಲು ತರಬೇತಿ ಬೇಕು.

ಆ ಸಾಲು ತೆಗೀರಿ ಅಂತ ಅತ್ತಳು. ತೆಗೆಯಲಿಲ್ಲ. ಫೋನ್‌ನಲ್ಲಿ ಕೇಳಿದರೂ ಅದನ್ನೇ ಹೇಳಬೇಕಲ್ಲ. ಕೇಳಿದರು, ಹೇಳಿದೆ, ಮೆಡಿಕಲ್ ವಾರ್ಡ್‌ಗೆ ತೆಗೆದುಕೊಂಡರು.

ಹೇಳಬೇಕೆಂದರೆ, ನನ್ನನ್ನು ಯಾರಾದರೂ ಕೇಳಲಿ ಅಂತ ಕಾಯುವ ಪ್ರಶ್ನೆಯೇ ಬೇರೆ. "ಸಿಸ್ಟರ್, ನನ್ನ ಪತ್ರದಲ್ಲಿ ಏನನ್ನು ಬರೆಯೋಕೆ ನಿಮಗೆ ಮನಸ್ಸು ಒಪ್ಪಲ್ಲ?" ಅಪ್ಲೈ ಮಾಡುವ ಹಿಂದಿನ ದಿನ ಅಲ್ಲ, ಆರು ತಿಂಗಳು ಮೊದಲು ಬಂದು ಕೇಳಿ. ಟ್ರೇಕಿಯಾಸ್ಟಮಿ ಸಕ್ಷನ್ ಮಾಡುವಾಗ ನಿಮ್ಮ ಕೈ ನಡುಗುತ್ತೆ ಅಂತ ಹೇಳುತ್ತೇನೆ. ಪಕ್ಕದಲ್ಲಿ ನಿಂತು ಮಾಡಿಸುತ್ತೇನೆ. ಆಗ ಬರೆಯಲು ನನ್ನ ಹತ್ತಿರವೂ ಏನಾದರೂ ಇರುತ್ತದೆ.

ಈಗ ಟೈಪ್ ಮಾಡಿಸಿಕೊಂಡು ಬಂದದ್ದನ್ನು ಹರಿಯಬೇಡಿ. ಹಿಂಬದಿ ಖಾಲಿ ಇದೆಯಲ್ಲ. ನೀವು 'ಕೊಡಲ್ಲ' ಅಂದ ರಾತ್ರಿ ಯಾವುದಾದರೂ ಇದ್ದರೆ ಅದರಲ್ಲಿ ಬರೆದು ತನ್ನಿ.